ಜೆಸಿಬಿಯವರಲ್ಲಿ ಒಂದು ವಿನಂತಿ: ಏನಾದರೂ ಒಡೆದು ಹೋಗಿ

ನಿಮ್ಮ ಅಂಗಡಿ ಮುಂದೆ ರಸ್ತೆ ಅಗೆಯಲು ಜೆಸಿಬಿ ಬಂದರೆ ಜಗಳಕ್ಕೆ ನಿಲ್ಲಬೇಡಿ. ಸುಮ್ನೆ ಒಳಗೆ ಹೋಗಿ, ಒಂದು ಗಾಜಿನ ಬರಣಿ ತಂದು ಹೊಸಿಲ ಮೇಲಿಡಿ. ಆಮೇಲೆ ಮನೆದೇವರನ್ನು ನೆನೆಯಿರಿ. ಜೆಸಿಬಿ ತಾಗಿ ಬರಣಿ ಒಡೆದರೆ ಕಾನೂನಿನ ಕಣ್ಣಿಗೆ ನೀವು ನೊಂದವರು. ಒಡೆಯದಿದ್ದರೆ, ಮೂರು ತಿಂಗಳು ಒಬ್ಬ ಗಿರಾಕಿಯೂ ಬಾರದೆ ನೀವು ಶಟರ್ ಎಳೆದು ಊರಿಗೆ ಹೋದರೂ ನಿಮಗೆ ಏನೂ ಆಗಿಲ್ಲ.

ನಮ್ಮ ಬೀದಿಯ ಬೇಕರಿ ಯಜಮಾನರಿಗೆ ಈ ಗುಟ್ಟು ಗೊತ್ತಿರಲಿಲ್ಲ. ಅಂಗಡಿ ಮುಂದೆ ಎದೆಯುದ್ದದ ಹಳ್ಳ ಬಿತ್ತು. ದಾಟಲು ಒಂದು ಸೆಂಟ್ರಿಂಗ್ ಹಲಗೆ ಹಾಕಿದರು. ಪಕ್ಕದಲ್ಲಿ 'ಕಾಮಗಾರಿ ಪ್ರಗತಿಯಲ್ಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ' ಅಂತ ಬೋರ್ಡು ಬಂತು. ಹುಟ್ಟುಹಬ್ಬದ ಕೇಕ್ ಹಿಡಿದು ಹಲಗೆ ದಾಟುವ ಧೈರ್ಯ ಯಾರಿಗಿದೆ? ಬೆಳಗ್ಗೆ ಒಲೆ ಹಚ್ಚಿ ಮಾಡಿದ ಬನ್ನು ಸಂಜೆ ರಸ್ಕ್ ಆಯಿತು. ಉಳಿದ ರಸ್ಕನ್ನು ಕಾಮಗಾರಿಯವರೇ ಚಹಾಕ್ಕೆ ಅದ್ದಿ ತಿಂದರು. ಸಾಲ ಬರೆಸಿ.

ಯಜಮಾನರು ಎಂಜಿನಿಯರ್ ಬಳಿ ಹೋದರು.

"ಸಾರ್, ವ್ಯಾಪಾರ ಪೂರ್ತಿ ಬಿದ್ದುಹೋಗಿದೆ."

"ಗೋಡೆ ಬಿರುಕು ಬಿಟ್ಟಿದೆಯಾ ಯಜಮಾನ್ರೇ?"

"ಇಲ್ಲ ಸಾರ್."

"ಮೆಟ್ಟಿಲು ಕಿತ್ತುಹೋಗಿದೆಯಾ? ಬೋರ್ಡು?"

"ಇಲ್ಲ."

"ಮತ್ತೆ ಏನು ಬಿತ್ತು ಅಂತೀರಿ?"

ಎಂಜಿನಿಯರ್ ಸಾಹೇಬರು ಕಾನೂನು ಓದಿದವರಲ್ಲ. ಆದರೂ ಸುಮಾರು ನೂರೈವತ್ತು ವರ್ಷದ ಹಿಂದೆ ಲಂಡನ್ನಿನ ದೊಡ್ಡ ನ್ಯಾಯಾಧೀಶರು ಕೇಳಿದ ಪ್ರಶ್ನೆಯನ್ನೇ ಕೇಳಿದರು. ಆಗ ಅಲ್ಲಿ ನೆಲದಡಿಯ ರೈಲು ಹಾಕಲು ಬೀದಿ ಮುಚ್ಚಿದ್ದರು. ಈಗ ನಮ್ಮಲ್ಲಿ ಮೆಟ್ರೋಗೆ ಮುಚ್ಚುವ ಹಾಗೆ. ರಿಕೆಟ್ ಎಂಬ ಪಬ್ಬಿನ ಮಾಲೀಕನಿಗೆ ಗಿರಾಕಿ ತಪ್ಪಿತು, ಅವನು ರೈಲು ಕಂಪನಿ ಮೇಲೆ ಕೇಸು ಹಾಕಿದ. ನಷ್ಟ ಆಗಿರುವುದು ನಿಜ ಅಂತ ಜ್ಯೂರಿ ಒಪ್ಪಿತು. ಕೇಸು ಹತ್ತುತ್ತಾ ಹತ್ತುತ್ತಾ 1867ರಲ್ಲಿ ಅಲ್ಲಿನ ಕೊನೆಯ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಟ್ಟಿತು. ಅಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: ಪೆಟ್ಟಾಗಿದ್ದು ನಿನ್ನ ವ್ಯಾಪಾರಕ್ಕೆ, ಕಟ್ಟಡಕ್ಕಲ್ಲ. ಹೋಗಿ ಬಾ.

ನಮ್ಮ ಯಜಮಾನರು ಇನ್ನೊಂದು ದಾರಿ ಹುಡುಕಿದರು. ಅಗೆಯುವಾಗ ಒಂದು ದಿನ ಜೆಸಿಬಿ ಕರೆಂಟಿನ ಕೇಬಲ್ಲನ್ನೂ ಕತ್ತರಿಸಿತ್ತು. ಫ್ರಿಜ್ಜಿನಲ್ಲಿದ್ದ ಕ್ರೀಮ್ ಕೇಕು ಕರಗಿ ಹಾಳಾದವು. ಇದು ಕೇಳಿ ನಮ್ಮ ವಕೀಲರ ಮುಖ ಅರಳಿತು. "ಅಬ್ಬಾ, ಏನೋ ಒಂದು ಹಾಳಾಯ್ತಲ್ಲ!" ಅಂದರು. ಕಪಾಟಿನಿಂದ ದಪ್ಪ ಪುಸ್ತಕವೊಂದು ಇಳಿಯಿತು. ಇಂಥ ವಿಷಯಕ್ಕೆ ನಮ್ಮಲ್ಲೂ ಹಳೆಯ ಇಂಗ್ಲಿಷ್ ತೀರ್ಪುಗಳನ್ನೇ ತಿರುವಿ ಹಾಕುತ್ತಾರೆ.

ಸ್ಪಾರ್ಟನ್ ಸ್ಟೀಲ್ ಕೇಸು, 1972ರ ತೀರ್ಪು. ಬರ್ಮಿಂಗ್‌ಹ್ಯಾಮಿನಲ್ಲಿ ರಸ್ತೆ ಅಗೆಯುವ ಗುತ್ತಿಗೆದಾರರು ಕೇಬಲ್ ಕತ್ತರಿಸಿದರು. ಹಗಲು ರಾತ್ರಿ ಓಡುವ ಉಕ್ಕಿನ ಕಾರ್ಖಾನೆ ನಿಂತಿತು. ಕುಲುಮೆಯಲ್ಲಿ ಆಗ ಕರಗುತ್ತಿದ್ದ ಲೋಹ ಕೆಟ್ಟು 368 ಪೌಂಡ್ ಬೆಲೆ ಕಳೆದುಕೊಂಡಿತು. ಅದನ್ನು ಮಾರಿದ್ದರೆ ಬರುತ್ತಿದ್ದ ಲಾಭ 400 ಪೌಂಡ್. ಕರೆಂಟ್ ಇದ್ದಿದ್ದರೆ ಅಷ್ಟು ಹೊತ್ತಿನಲ್ಲಿ ಇನ್ನೂ ನಾಲ್ಕು ಸಲ ಲೋಹ ಕರಗಿಸಬಹುದಿತ್ತು. ಅದರ ಲಾಭ 1,767 ಪೌಂಡ್. ಕೋರ್ಟು ಮೊದಲಿನ ಎರಡನ್ನು ಕೊಡಿಸಿತು. ಮೂರನೆಯದು, ಅಂದರೆ ದೊಡ್ಡದು, ಇಲ್ಲ ಅಂದಿತು. ಕರಗುತ್ತಿದ್ದ ಲೋಹ ಕೆಟ್ಟಿದ್ದು ವಸ್ತುವಿಗೆ ಆದ ಹಾನಿ, ಅದರ ಲಾಭವೂ ಆ ಹಾನಿಯ ಬಾಲ ಹಿಡಿದು ಬಂದದ್ದು. ಕರೆಂಟಿಲ್ಲದೆ ಕರಗಿಸದೇ ಉಳಿದ ಲೋಹಕ್ಕೆ ಏನೂ ಆಗಿರಲಿಲ್ಲ. ಹೋದದ್ದು ಬರೀ ದುಡ್ಡು. ಇದಕ್ಕೇ ವಕೀಲರು ಶುದ್ಧ ಆರ್ಥಿಕ ನಷ್ಟ ಅನ್ನುವುದು.

ಈ ಲೆಕ್ಕವನ್ನು ಬೇಕರಿಗೆ ಹಚ್ಚಿ. ಫ್ರಿಜ್ಜಿನಲ್ಲಿ ಮೂರು ಸಾವಿರದ ಕೇಕ್ ಕೆಟ್ಟಿತು ಅಂತಿಟ್ಟುಕೊಳ್ಳಿ, ಅದರ ಮೇಲಿನ ಲಾಭ ಒಂದು ಸಾವಿರ. ಕೇಬಲ್ ಕತ್ತರಿಸಿದ್ದು ಅಜಾಗರೂಕತೆಯಿಂದ ಅಂತ ತೋರಿಸಿದರೆ ನಾಲ್ಕು ಸಾವಿರ ಕೇಳಬಹುದು. ಕರೆಂಟಿಲ್ಲದೆ ಆ ದಿನ ಮಾಡಲಾಗದ ಕೇಕಿಗೆ ಸೊನ್ನೆ. ಹಳ್ಳಕ್ಕೆ ಹೆದರಿ ಮೂರು ತಿಂಗಳು ಬಾರದ ಗಿರಾಕಿಗಳಿಗೂ ಸೊನ್ನೆ. ಆದ್ದರಿಂದ ನಾನು ಮೊದಲು ಹೇಳಿದ ಬರಣಿಯ ಉಪಾಯಕ್ಕೂ ಮಿತಿ ಇದೆ. ಬರಣಿ ಒಡೆದರೆ ಬರಣಿಯ ಬೆಲೆ, ಜೊತೆಗೆ ಒಳಗಿದ್ದ ನಿಪ್ಪಟ್ಟಿನ ಲಾಭ. ಜಾಸ್ತಿ ಆಸೆ ಬೇಡ.

ಯಾಕೆ ಹೀಗೆ? ತೀರ್ಪು ಬರೆದ ಲಾರ್ಡ್ ಡೆನಿಂಗ್ ಕಾರಣ ಕೊಟ್ಟಿದ್ದಾರೆ. ಕರೆಂಟು ಹೋದಾಗ ಜನ ವಕೀಲರ ಬಳಿ ಓಡುವುದಿಲ್ಲವಂತೆ. ಮಾರನೇ ದಿನ ಇನ್ನಷ್ಟು ದುಡಿದು ನಷ್ಟ ತುಂಬಿಕೊಳ್ಳುತ್ತಾರಂತೆ. ಇದು ಆರೋಗ್ಯಕರ ಮನೋಭಾವ, ಕಾನೂನು ಇದಕ್ಕೆ ಪ್ರೋತ್ಸಾಹ ಕೊಡಬೇಕು ಅಂದರು. ನಮ್ಮ ಯಜಮಾನರು ಇದನ್ನು ಕೇಳಿ ಮಾರನೇ ದಿನ ಎರಡು ಪಟ್ಟು ಬನ್ನು ಮಾಡಿದರು. ಎರಡು ಪಟ್ಟು ರಸ್ಕ್ ಆಯಿತು.

ಇನ್ನೊಂದು ಕಾರಣವನ್ನು ಎಲ್ಲ ಕಡೆಯೂ ಹೇಳುತ್ತಾರೆ. ಒಬ್ಬರಿಗೆ ಕೊಟ್ಟರೆ ಬೀದಿಯವರೆಲ್ಲ ಬರುತ್ತಾರೆ. ಬೇಕರಿ ಆಯ್ತು, ಪಕ್ಕದ ಮೆಡಿಕಲ್ ಸ್ಟೋರ್, ಅದರಾಚೆ ಟೈಲರ್, ಬೇಕರಿಗೆ ಹಾಲು ಹಾಕುವವನು, ಅವನಿಗೆ ಹಿಂಡಿ ಮಾರುವವನು, ಕೊನೆ ಎಲ್ಲಿ? ಈ ಭಯ ಪೂರ್ತಿ ಸುಳ್ಳಲ್ಲ. ಹಿಂಡಿ ಮಾರುವವನಿಗೂ ಗುತ್ತಿಗೆದಾರ ಕೊಡಬೇಕು ಅಂತ ನಾನೂ ಹೇಳಲಾರೆ. ಆದರೆ ಇದರಿಂದ ಬಂದ ಫಲ ನೋಡಿ. ಅಗೆಯುವಾಗ ಒಬ್ಬನ ಮೆಟ್ಟಿಲು ಮುರಿದರೆ ಪರಿಹಾರ. ಇಡೀ ಬೀದಿಯ ಹೊಟ್ಟೆಗೆ ಹೊಡೆದರೆ, ಸಂಖ್ಯೆ ಜಾಸ್ತಿ ಆಯಿತಲ್ಲ, ಮಾಫಿ.

ಒಂದು ಕಿಂಡಿ ಇದೆ. 1874ರಲ್ಲಿ ಲಂಡನ್ನಿನಲ್ಲೇ ಒಬ್ಬ ಕಾಫಿ ಅಂಗಡಿಯವನು ಗೆದ್ದ. ಪಕ್ಕದ ಹರಾಜಿನವರು ಅವನ ಅಂಗಡಿ ಮುಂದೆ ದಿನವಿಡೀ ಕುದುರೆ ಗಾಡಿ ನಿಲ್ಲಿಸುತ್ತಿದ್ದರು. ದಾರಿ ಅಡ್ಡ, ಬೆಳಕಿಲ್ಲ, ಹಗಲಲ್ಲೂ ದೀಪ, ಮೇಲೆ ಕುದುರೆಗಳ ಕೆಟ್ಟ ವಾಸನೆ. ಊರಿಗೆಲ್ಲ ಆಗುವ ತೊಂದರೆಗಿಂತ ಬೇರೆಯಾದ ವಿಶೇಷ ಹಾನಿ ತನಗೆ ಆಗಿದೆ ಅಂತ ಅವನು ತೋರಿಸಿದ. ಆ ದಾರಿ ನಮ್ಮಲ್ಲೂ ತೆರೆದಿದೆ. ಆದರೆ ರಸ್ತೆ ಅಗೆಯುವವರ ಕೈಲಿ ಅನುಮತಿ ಪತ್ರ ಇರುತ್ತದೆ, ಕುದುರೆಗೆ ಇರಲಿಲ್ಲ. ಅನುಮತಿಯ ಅವಧಿ ಮುಗಿದ ಮೇಲೂ ಹಳ್ಳ ಸುಮ್ನೆ ಬಾಯಿ ತೆರೆದು ಬಿದ್ದಿತ್ತು ಅಂತ ನೀವು ಸಾಬೀತು ಮಾಡಬೇಕು. ಅವಧಿ ಎಷ್ಟು ಅಂತ ಬೋರ್ಡಿನಲ್ಲಿ ಬರೆದಿದ್ದರೆ ತಾನೇ? ವಿಷಾದಕ್ಕೆ ಮಾತ್ರ ಜಾಗ ಸಿಕ್ಕಿತ್ತು.

ವಿಮೆ ಕೇಳಿದಿರಾ? ಯಜಮಾನರೂ ಕೇಳಿದರು. ವ್ಯಾಪಾರ ನಿಂತರೆ ಲಾಭ ತುಂಬಿಕೊಡುವ ಪಾಲಿಸಿ ಇದೆ. ಸಾಮಾನ್ಯವಾಗಿ ಮೊದಲ ಷರತ್ತೇ ಆಸ್ತಿಗೆ ಹಾನಿ ಆಗಿರಬೇಕು ಅನ್ನುವುದು. "ಏನಾದರೂ ಸುಟ್ಟಿದೆಯಾ?" ಅಂತ ಏಜೆಂಟ್ ಕೇಳಿದ. "ಹೊಟ್ಟೆ," ಅಂದರು ಯಜಮಾನರು. ಅದು ಪಾಲಿಸಿಯಲ್ಲಿ ಸೇರಿರಲಿಲ್ಲ.

ಮೊದಲೆಲ್ಲ ಇಂಥ ನಷ್ಟಕ್ಕೆ ಲೆಕ್ಕ ಎಲ್ಲಿದೆ ಅನ್ನುತ್ತಿದ್ದರು. ಈಗ ಕೌಂಟರಿನ ಮೇಲಿನ ಯುಪಿಐ ಡಬ್ಬಿ ಎಷ್ಟು ಬಂತು ಅಂತ ಕೂಗಿ ಹೇಳುತ್ತದೆ. ದಿನಕ್ಕೆ ಎಷ್ಟು ಬರುತ್ತಿತ್ತು, ಹಳ್ಳ ಬಿದ್ದ ಮೇಲೆ ಎಷ್ಟಕ್ಕೆ ಇಳಿಯಿತು, ಪೈಸೆ ಸಮೇತ ಸ್ಟೇಟ್‌ಮೆಂಟಿನಲ್ಲಿದೆ. 2025ರ ಜುಲೈ ಹೊತ್ತಿಗೆ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಇದೇ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತ್ತು. ವ್ಯಾಪಾರ ಏರಿದ್ದು ಸರ್ಕಾರಕ್ಕೆ ಚೆನ್ನಾಗಿ ಕಾಣುತ್ತದೆ. ಇಳಿದದ್ದು ಕಾಣಬೇಕಾದರೆ ಗೋಡೆ ಬೀಳಬೇಕು.

ಕೊನೆಗೆ ವಕೀಲರು 2013ರ ಭೂಸ್ವಾಧೀನ ಕಾಯ್ದೆ ತೆರೆದು 28ನೇ ಸೆಕ್ಷನ್ ಮೇಲೆ ಬೆರಳಿಟ್ಟರು. ಸರ್ಕಾರ ನಿಮ್ಮ ಜಾಗ ತೆಗೆದುಕೊಂಡರೆ, ಅದರಿಂದ ನಿಮ್ಮ ಗಳಿಕೆಗೆ ಬಿದ್ದ ಪೆಟ್ಟನ್ನೂ ಪರಿಹಾರದ ಲೆಕ್ಕಕ್ಕೆ ಹಿಡಿಯಬೇಕು ಅಂತ ಅಲ್ಲಿದೆ. ಯಜಮಾನರು ಕುಳಿತಲ್ಲೇ ಅರ್ಜಿ ಬರೆಸಿದರು: 'ಮಾನ್ಯರೇ, ನನ್ನ ಸ್ವಂತ ಜಾಗದ ಹೊಸಿಲಿನಿಂದ ಆರಿಂಚನ್ನಾದರೂ ದಯಮಾಡಿ ಸ್ವಾಧೀನಪಡಿಸಿಕೊಳ್ಳಬೇಕಾಗಿ ಪ್ರಾರ್ಥನೆ.'

ಅರ್ಜಿಗೆ ಉತ್ತರ ಬಂದಿಲ್ಲ. ಆದರೆ ಮೊನ್ನೆ ಕಚೇರಿಯಿಂದ ಒಬ್ಬರು ಆ ಹಲಗೆಯ ಮೇಲೆ ಸರಾಗವಾಗಿ ನಡೆದು ಒಳಗೆ ಬಂದರು. ಎಷ್ಟೋ ದಿನದ ಮೇಲೆ ಹಳ್ಳ ದಾಟಿ ಬಂದವರು ಅಂತ ಯಜಮಾನರು ಖುಷಿಯಿಂದ ಎದ್ದು ನಿಂತು, "ಏನು ಕೊಡಲಿ ಸಾರ್?" ಅಂದರು.

"ಟ್ರೇಡ್ ಲೈಸೆನ್ಸ್ ರಿನ್ಯೂವಲ್ ಫೀ," ಅಂದರು ಅವರು. "ತಡವಾಗಿದೆ, ದಂಡ ಸೇರಿಸಿ ಕೊಡಿ."