ಮೇಸ್ತ್ರಿ ಮಾಡಿದ ತಪ್ಪಿಗೆ ಮಾಲೀಕರ ಹತ್ತಿರ ಮುದತ್ತು ಕೇಳಬೇಡಿ

ಹೋದ ವಾರ ಬಾಗಲಕೋಟೆಯ ನವನಗರದಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ಒಬ್ಬ ಹೊಸ ಗುತ್ತಿಗೆದಾರ ಹುಡುಗ ಗೋಳು ಹೇಳಿಕೊಂಡ. "ಸರ್, ಪ್ಲಾಸ್ಟರ್ ಸಬ್ ಕಾಂಟ್ರಾಕ್ಟರ್ ಕೆಲಸ ಹಾಳು ಮಾಡ್ಯಾನ್ರೀ. ಒಡೆದು ಮತ್ತ ಮಾಡಬೇಕು. ಒಂದೂವರೆ ತಿಂಗಳ ಎಕ್ಸ್‌ಟೆನ್ಶನ್ ಕೇಳಿ ಅರ್ಜಿ ಕೊಟ್ಟೇನಿ, ಮಾಲೀಕರು ತಿರಸ್ಕಾರ ಮಾಡ್ಯಾರ. ತಪ್ಪು ನಂದಲ್ಲಲ್ರೀ?"

ತಪ್ಪು ನಿನ್ನದೇ ಅಪ್ಪ ಅಂದೆ. ಅವನಿಗೆ ಸಿಟ್ಟು ಬಂತು. ನನಗೂ 2019ರಲ್ಲಿ ಹೀಗೇ ಸಿಟ್ಟು ಬಂದಿತ್ತು. ಆ ಕಥೆ ಅವನಿಗೆ ಪೂರ್ತಿ ಹೇಳಲು ಟೈಮ್ ಸಿಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮುಧೋಳ ಕಡೆ ಒಂದು ಟ್ರಸ್ಟ್‌ನ ಹಾಸ್ಟೆಲ್ ಕಟ್ಟಡ. ನೆಲಮಹಡಿ, ಮೇಲೆ ಎರಡು. ಗುತ್ತಿಗೆ ಮೊತ್ತ 2 ಕೋಟಿ 40 ಲಕ್ಷ. 2018ರ ಅಕ್ಟೋಬರ್ 1ಕ್ಕೆ ಶುರು, 2019ರ ಸೆಪ್ಟೆಂಬರ್ 30ಕ್ಕೆ ಒಪ್ಪಿಸಬೇಕು. ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ಕಡಿತ, ಗರಿಷ್ಠ ಐದು ಪರ್ಸೆಂಟ್. ಅಂದರೆ ವಾರಕ್ಕೆ 1 ಲಕ್ಷ 20 ಸಾವಿರ. ಅಡಚಣೆ ಬಂದರೆ 14 ದಿನದೊಳಗೆ ಬರೆದು ತಿಳಿಸಬೇಕು ಅಂತ ಇನ್ನೊಂದು ಷರತ್ತು. ಸಹಿ ಮಾಡುವಾಗ ಆ ಪುಟ ನಾನು ಓದಿರಲೇ ಇಲ್ಲ, ನಿಜ ಹೇಳುತ್ತೇನೆ.

ಸೆಂಟ್ರಿಂಗ್ ಮತ್ತು ಕಾಂಕ್ರೀಟ್ ಕೆಲಸ ಒಬ್ಬ ಮೇಸ್ತ್ರಿಗೆ ಕೊಟ್ಟಿದ್ದೆ. ಲೇಬರ್ ಗುತ್ತಿಗೆ, ಬಾಯಿಮಾತಿನಲ್ಲಿ. ಹತ್ತು ವರ್ಷದ ಪರಿಚಯ, ಕಾಗದ ಯಾಕೆ ಅಂತ. ಅವನು ನನಗೆ ಹೇಳದೆ ಆ ಕೆಲಸವನ್ನು ಇನ್ನೊಂದು ಗ್ಯಾಂಗಿಗೆ ದಾಟಿಸಿದ್ದ.

ಮೇ 25ಕ್ಕೆ ಮೊದಲ ಮಹಡಿಯ ಕಾಲಂಗಳಿಗೆ ಕಾಂಕ್ರೀಟ್ ಹಾಕಿದರು. ಸೈಟ್ ಇಂಜಿನಿಯರ್ ಮದುವೆಗೆ ಹೋಗಿದ್ದ. ಮದುವೆ ಸೀಸನ್, ಯಾರನ್ನ ಅನ್ನೋದು. ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಸೂಜಿ ಕೆಟ್ಟಿತ್ತು, ರಾಡಿನಿಂದ ಚುಚ್ಚಿ ಮುಗಿಸಿದ್ದರು. ಕಾಂಕ್ರೀಟ್ ಸುಲಭವಾಗಿ ಇಳಿಯಲಿ ಅಂತ ಮಿಕ್ಸರಿಗೆ ಕೊಡದಿಂದ ಮೇಲೆ ನೀರು ಸುರಿದಿದ್ದರು. ಹತ್ತು ಅಡಿ ಎತ್ತರದಿಂದ ಒಂದೇ ಸಲ ಬುಟ್ಟಿ ಬೋರಲು ಹಾಕಿದ್ದರು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲಿ ಕಾಂಕ್ರೀಟ್ ಬೀಳುವ ಎತ್ತರ ಒಂದೂವರೆ ಮೀಟರಿಗಿಂತ ಜಾಸ್ತಿ ಇರಬಾರದು ಅಂತ ಇದೆ. ಹೆಚ್ಚಾದರೆ ಖಡಿ ಮೊದಲು ತಳಕ್ಕೆ ಹೋಗಿ ಕೂರುತ್ತದೆ, ಗಂಜಿ ಬೇರೆಯಾಗುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಕಾಲಂ ಬುಡದಲ್ಲಿ ಜೇನುಗೂಡಿನ ಹಾಗೆ ತೂತು ತೂತು. ಒಂದು ಕಡೆ ಬೆರಳು ಹಾಕಿದರೆ ಒಳಗಿನ ಕಬ್ಬಿಣ ತಾಗುತ್ತಿತ್ತು. ನಾನು ನೋಡುವ ಹೊತ್ತಿಗೆ ಗ್ಯಾಂಗಿನವರು ಸಿಮೆಂಟ್ ಗಿಲಾಯಿ ಬಳಿದು ಮುಚ್ಚಲು ಶುರು ಮಾಡಿದ್ದರು. ಬುಡದಲ್ಲಿ ಮಾತ್ರ ಹೊಸ ಬಣ್ಣ ಕಂಡರೆ ಅನುಮಾನ ಪಡಿ. ಸುತ್ತಿಗೆ ಬಡಿದು ನೋಡಿ, ಟಣ್ ಅನ್ನದೆ ಡಬ್ ಅಂದರೆ ಒಳಗೆ ಪೊಳ್ಳು.

ಕಾಂಕ್ರೀಟ್ ಹಾಕಿದ ದಿನ ಅಚ್ಚಿನಲ್ಲಿ ತುಂಬಿಟ್ಟ ಮಾದರಿ ತುಂಡುಗಳ, ಅಂದರೆ ಕ್ಯೂಬ್‌ಗಳ, 28 ದಿನದ ಫಲಿತಾಂಶ ಜೂನ್ 22ಕ್ಕೆ ಬಂತು. ಎಂ25 ಕಾಂಕ್ರೀಟ್, ಅಂದರೆ 25ರ ಬಲ ಬರಬೇಕು, ಕ್ಯೂಬ್ ಬಂದಿದ್ದು 18ರ ಆಸುಪಾಸು. ಟ್ರಸ್ಟಿನ ಇಂಜಿನಿಯರ್ 24ನೇ ತಾರೀಖು ಸೋಮವಾರ ಕೆಲಸ ನಿಲ್ಲಿಸಿದರು. ಕ್ಯೂಬ್ ಸರಿಯಾಗಿ ತುಂಬಿಲ್ಲ, ಕಾಲಂ ಗಟ್ಟಿ ಇದೆ ಅಂತ ನಾನು ವಾದ ಮಾಡಿದೆ. ಸರಿ, ಕಾಲಂ ಕೊರೆದು ಒಳಗಿನ ತುಂಡು, ಅಂದರೆ ಕೋರ್, ತೆಗೆದು ನೋಡೋಣ ಅಂದರು. ಕನಿಷ್ಠ ಮೂರು ಕೋರ್ ಬೇಕು. ಅವುಗಳ ಸರಾಸರಿ ಗ್ರೇಡಿನ 85 ಪರ್ಸೆಂಟ್ ಇರಬೇಕು, ಯಾವುದೊಂದೂ 75 ಪರ್ಸೆಂಟಿಗಿಂತ ಕಡಿಮೆ ಬರಬಾರದು. ಎಂ25ಕ್ಕೆ ಲೆಕ್ಕ ಹಾಕಿದರೆ ಸರಾಸರಿ 21.25, ಒಂದೊಂದೂ 18.75. ನಮಗೆ ಬಂದಿದ್ದು 18.9, 17.6, 20.4. ಸರಾಸರಿ 19ಕ್ಕೂ ಮುಟ್ಟಲಿಲ್ಲ. ಎರಡೂ ಕಡೆ ಫೇಲ್. 22 ಕಾಲಂಗಳಲ್ಲಿ ಒಂಬತ್ತನ್ನು ಒಡೆದು, ಕಬ್ಬಿಣ ಉಳಿಸಿಕೊಂಡು, ಮತ್ತೆ ಹಾಕಿದೆವು. ಆಗಸ್ಟ್ 4ರ ತನಕ ಹಿಡಿಯಿತು. ಆರು ವಾರ. ಖರ್ಚು 4 ಲಕ್ಷ 10 ಸಾವಿರ.

ಮೇಸ್ತ್ರಿಯನ್ನು ಕರೆಸಿದೆ. "ಸಾಹೇಬ್ರ, ನೀರ್ ಹಾಕಿದ್ದು ಮಿಕ್ಸರ್‌ನಾವ್ರೀ. ಸಿಮೆಂಟ್ ನಿಮ್ದು, ಉಸುಕು ನಿಮ್ದು, ಇಂಜಿನಿಯರ್ ನಿಮ್ಮವ್ರು. ನನಗೇನ್ ಕೇಳ್ತೀರಿ?" ಅಂದ.

ಕಾಲಂ ಕಥೆ ಹೀಗಿರುವಾಗಲೇ ಆ ಕಡೆ ಇನ್ನೊಂದು ನಡೆದಿತ್ತು. ರೂಮುಗಳಿಗೆ ಅಟ್ಯಾಚ್ಡ್ ಬಾತ್‌ರೂಮ್ ಬೇಕು ಅಂತ ಟ್ರಸ್ಟಿನವರು ಮನಸ್ಸು ಬದಲಿಸಿದ್ದರು. ಅದಕ್ಕೆ ಸ್ಲ್ಯಾಬ್ ಅಲ್ಲಲ್ಲಿ ಕೆಳಗಿಳಿಸಬೇಕು, ಹೊಸ ಡ್ರಾಯಿಂಗ್ ಬೇಕು. ಅದು ಜೂನ್ 10ಕ್ಕೆ ನಮ್ಮ ಕೈಗೆ ಬರಬೇಕಿತ್ತು. ಬಂದಿದ್ದು ಜುಲೈ 15ಕ್ಕೆ. ಐದು ವಾರ ತಡ. ಆಮೇಲೆ ಆಗಸ್ಟ್ ಮೊದಲ ವಾರದ ನೆರೆ. ನಮ್ಮಲ್ಲಿ ಮಳೆ ಕಡಿಮೆ, ಆದರೂ ಮೇಲಿನ ಘಟ್ಟದಲ್ಲಿ ಸುರಿದಿದ್ದು ನಮ್ಮ ಹೊಳೆಗಳಿಗೆ ಬಂತು. ಘಟಪ್ರಭೆ ಉಕ್ಕಿ ದಾರಿ ಬಂದ್, ಉಸುಕಿಲ್ಲ, ಕಬ್ಬಿಣದ ಲಾರಿ ಇಲ್ಲ, ಕೂಲಿಗಳು ತಮ್ಮ ಊರಿನ ಮನೆ ಉಳಿಸಿಕೊಳ್ಳಲು ಓಡಿದರು. ಆಗಸ್ಟ್ 5ರಿಂದ 18, ಎರಡು ವಾರ.

ಕೆಲಸ ಮುಗಿದಿದ್ದು ಡಿಸೆಂಬರ್ 9ಕ್ಕೆ. ಸರಿಯಾಗಿ ಹತ್ತು ವಾರ ತಡ. ಟ್ರಸ್ಟಿನವರು ಪೂರ್ತಿ 12 ಲಕ್ಷ ಹಿಡಿದರು. ನಾನು ಹದಿಮೂರು ವಾರದ ಮುದತ್ತು ಕೇಳಿದೆ. ಐದು, ಆರು, ಎರಡು, ಒಟ್ಟು ಹದಿಮೂರು. ತಡವಾಗಿದ್ದೇ ಹತ್ತು ವಾರ, ಕೇಳಿದ್ದು ಹದಿಮೂರು! ಈಗ ನೆನೆದರೆ ನನಗೇ ನಗು ಬರುತ್ತದೆ.

ಇಬ್ಬರೂ ಒಪ್ಪಿ ಒಬ್ಬ ನಿವೃತ್ತ ಇಂಜಿನಿಯರ್ ಹತ್ತಿರ ಹೋದೆವು. ವಕೀಲರಲ್ಲ, ಜೀವನವಿಡೀ ಸೈಟಿನಲ್ಲಿ ಕಳೆದವರು. ಅವರು ಮೊದಲು ಕೇಳಿದ್ದು ನನ್ನ ಆರು ವಾರದ ಬಗ್ಗೆ. "ಟ್ರಸ್ಟಿಗೂ ನಿಮ್ಮ ಮೇಸ್ತ್ರಿಗೂ ಏನು ಸಂಬಂಧ?" ನಾನು ಸುಮ್ನೆ ಕೂತೆ. ಸಂಬಂಧವೇ ಇಲ್ಲ. ಟ್ರಸ್ಟ್ ಗುತ್ತಿಗೆ ಮಾಡಿಕೊಂಡಿದ್ದು ನನ್ನ ಜೊತೆ. ನಾನು ಹತ್ತು ಜನರಿಗೆ ಹಂಚಿ ಮಾಡಿಸಲಿ, ಒಬ್ಬನೇ ಮಾಡಲಿ, ಅವರ ಲೆಕ್ಕದಲ್ಲಿ ಎಲ್ಲವೂ ನನ್ನ ಕೈಯೇ. ಫಿಡಿಕ್ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಗುತ್ತಿಗೆ ಪುಸ್ತಕದಲ್ಲೂ ಇದೇ ಮಾತಿದೆಯಂತೆ: ಉಪಗುತ್ತಿಗೆದಾರ ಮಾಡಿದ್ದು ಮುಖ್ಯ ಗುತ್ತಿಗೆದಾರನೇ ಮಾಡಿದ ಹಾಗೆ. ಆ ಮೇಸ್ತ್ರಿಯನ್ನೇ ತಗೊಳ್ಳಿ ಅಂತ ಟ್ರಸ್ಟಿನವರೇ ಗಂಟು ಹಾಕಿದ್ದರೆ, ನಾನು ಆಗಲೇ ಬರೆದು ಆಕ್ಷೇಪ ಎತ್ತಿದ್ದರೆ, ಮಾತು ಬೇರೆ ಆಗಬಹುದಿತ್ತು. ಆದರೆ ಅವನನ್ನು ಆರಿಸಿದ್ದು ನಾನೇ. ಆರು ವಾರ ಹೋಯಿತು.

ಆದರೆ ಟ್ರಸ್ಟಿನವರನ್ನೂ ಅವರು ಬಿಡಲಿಲ್ಲ. ನನಗೆ ಇದರಲ್ಲಿ ಇಷ್ಟವಾದ ಭಾಗ ಇದು. ಒಂದು ಬಿಳಿ ಹಾಳೆ ತೆಗೆದು ಮೂರು ಅಡ್ಡ ಗೆರೆ ಎಳೆದರು. ಡ್ರಾಯಿಂಗ್ ಜೂನ್ 10ರಿಂದ ಜುಲೈ 14. ಕಾಲಂ ಜೂನ್ 24ರಿಂದ ಆಗಸ್ಟ್ 4. ನೆರೆ ಆಗಸ್ಟ್ 5ರಿಂದ 18. ಮೊದಲಿನ ಎರಡು ಗೆರೆ ಜೂನ್ 24ರಿಂದ ಜುಲೈ 14ರ ತನಕ ಒಂದರ ಕೆಳಗೊಂದು ಬಂದವು. ಮೂರು ವಾರ. ಟ್ರಸ್ಟಿನ ವಾದ, ಆ ಮೂರು ವಾರ ನಿಮ್ಮ ಕಾಲಂ ಒಡೆಯುವ ಕೆಲಸ ಇತ್ತು, ಡ್ರಾಯಿಂಗ್ ಇದ್ದರೂ ಸ್ಲ್ಯಾಬ್ ಹಾಕಲು ಆಗುತ್ತಿರಲಿಲ್ಲ. ನನ್ನ ವಾದ, ಕಾಲಂ ಗಟ್ಟಿ ಇದ್ದರೂ ಡ್ರಾಯಿಂಗ್ ಇಲ್ಲದೆ ಸ್ಲ್ಯಾಬ್ ಹಾಕಲು ಆಗುತ್ತಿರಲಿಲ್ಲ. ಎರಡೂ ನಿಜ, ಅಲ್ವಾ?

ಅವರು ಹೇಳಿದ್ದು ಹೀಗೆ. ಇಬ್ಬರ ತಪ್ಪೂ ಒಟ್ಟಿಗೆ ಬಿದ್ದ ದಿನಗಳಿಗೆ ಗುತ್ತಿಗೆದಾರನಿಗೆ ಮುದತ್ತು ಕೊಡಬೇಕು, ಯಾಕೆಂದರೆ ತಾನೇ ತಡೆದ ದಿನಕ್ಕೆ ಮಾಲೀಕ ದಂಡ ಹಾಕುವುದು ಸರಿಯಲ್ಲ. ಆದರೆ ಆ ದಿನಗಳಿಗೆ ಗುತ್ತಿಗೆದಾರ ಖರ್ಚು ಕೇಳಬಾರದು, ಹೇಗಿದ್ದರೂ ಅವನು ಕೂತೇ ಇರುತ್ತಿದ್ದ. ಡ್ರಾಯಿಂಗಿನ ಐದು ವಾರ ಪೂರ್ತಿ ಮುದತ್ತು ಸಿಕ್ಕಿತು. ಸೈಟ್ ಖರ್ಚು ವಾರಕ್ಕೆ 45 ಸಾವಿರದಂತೆ ಎರಡೇ ವಾರಕ್ಕೆ, 90 ಸಾವಿರ.

ನೆರೆಯ ಎರಡು ವಾರಕ್ಕೆ ಟ್ರಸ್ಟಿನ ಇಂಜಿನಿಯರ್ ಚುರುಕಾದ ಪ್ರಶ್ನೆ ಎತ್ತಿದರು. ಕಾಲಂ ಕೆಡದಿದ್ದರೆ ನೆರೆ ಬರುವುದರೊಳಗೆ ಸ್ಲ್ಯಾಬ್ ಮುಗಿಯುತ್ತಿತ್ತಲ್ಲ ಅಂತ. ಒಂದು ಕ್ಷಣ ನನ್ನ ಹೊಟ್ಟೆ ತಣ್ಣಗಾಯಿತು. ಹಿರಿಯರು ತಲೆ ಅಲ್ಲಾಡಿಸಿದರು. ಸ್ಲ್ಯಾಬ್ ಮುಗಿದಿದ್ದರೂ ಆ ಎರಡು ವಾರ ಸಿಮೆಂಟ್ ಬರುತ್ತಿರಲಿಲ್ಲ, ಗೌಂಡಿಗಳು ಇರುತ್ತಿರಲಿಲ್ಲ, ಮುಂದಿನ ಯಾವ ಕೆಲಸವೂ ನಡೆಯುತ್ತಿರಲಿಲ್ಲ ಅಂದರು. ಮಾಮೂಲಿ ಮಳೆಗಾಲ ಆಗಿದ್ದರೆ ಕೊಡುತ್ತಿರಲಿಲ್ಲ, ಅದು ಟೆಂಡರ್ ಹಾಕುವಾಗಲೇ ಎಲ್ಲರಿಗೂ ಗೊತ್ತಿರುವ ವಿಷಯ ಅಂತಲೂ ಸೇರಿಸಿದರು.

ಐದು ಮತ್ತು ಎರಡು, ಏಳು ವಾರ ಮುದತ್ತು. ಉಳಿದ ಮೂರು ವಾರಕ್ಕೆ ದಂಡ 3 ಲಕ್ಷ 60 ಸಾವಿರ. 12 ಲಕ್ಷ ಹೋಗಿ ಇಷ್ಟಕ್ಕೆ ಇಳಿಯಿತು.

ಇಳಿದಿದ್ದು ಎರಡು ಕಾಗದದಿಂದ. ಡ್ರಾಯಿಂಗ್ ಬಂದಿಲ್ಲ ಅಂತ ಜೂನ್ 20ಕ್ಕೆ ಒಂದು ಪತ್ರ, ನೆರೆ ಬಗ್ಗೆ ಆಗಸ್ಟ್ 10ಕ್ಕೆ ಒಂದು, ಎರಡೂ 14 ದಿನದೊಳಗೆ. ನನ್ನ ಜಾಣತನ ಅಲ್ಲ, ನಮ್ಮ ಆಫೀಸಿನ ಅಕೌಂಟ್ಸ್ ಹುಡುಗಿ ಆ ಷರತ್ತಿನ ಪುಟ ಓದಿದ್ದಳು. ಟ್ರಸ್ಟಿನವರೂ ಹುಷಾರಿದ್ದರು. ಗುತ್ತಿಗೆಯ ಅವಧಿ ಮುಗಿದ ಮಾರನೇ ದಿನ, ಅಕ್ಟೋಬರ್ 1ಕ್ಕೆ, ಕೆಲಸ ಮುಂದುವರಿಸಿ ಆದರೆ ತಡದ ಪರಿಹಾರ ಕೇಳುವ ಹಕ್ಕು ನಮಗಿದೆ ಅಂತ ಪತ್ರ ಕೊಟ್ಟಿದ್ದರು. 1872ರ ಕರಾರು ಕಾಯ್ದೆಯ 55ನೇ ಕಲಂ ಇರುವುದೇ ಹಾಗೆ. ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗ ನೋಟಿಸ್ ಕೊಡದೆ ಸುಮ್ಮನಿದ್ದರೆ ಆಮೇಲೆ ತಡಕ್ಕೆ ಪರಿಹಾರ ಕೇಳಲು ಬರುವುದಿಲ್ಲ. ಎಷ್ಟೋ ಮಾಲೀಕರು ಇದು ಗೊತ್ತಿಲ್ಲದೆ ಕೊನೆ ಬಿಲ್ಲಿನಲ್ಲಿ ದಿಢೀರ್ ಅಂತ ಕಡಿತ ಮಾಡಲು ಹೋಗಿ ಸಿಕ್ಕಿಬೀಳುತ್ತಾರೆ.

ಇನ್ನು ಮೇಸ್ತ್ರಿ. ಒಡೆದು ಕಟ್ಟಿದ್ದು 4 ಲಕ್ಷ 10 ಸಾವಿರ, ದಂಡ 3 ಲಕ್ಷ 60 ಸಾವಿರ, ಒಟ್ಟು 7 ಲಕ್ಷ 70 ಸಾವಿರ ಅವನಿಂದ ಬರಬೇಕು ಅಂತ ಕೂತೆ. ಅವನ ಬಿಲ್ಲಿನಲ್ಲಿ ಹಿಡಿದಿದ್ದ 45 ಸಾವಿರ, ಕೊಡಬೇಕಿದ್ದ 1 ಲಕ್ಷ 60 ಸಾವಿರ, ಇಷ್ಟೇ ನನ್ನ ಕೈಲಿದ್ದಿದ್ದು. ಕೋರ್ಟಿಗೆ ಹೋಗೋಣ ಅಂದರೆ ವಕೀಲರು ಎರಡು ಪ್ರಶ್ನೆ ಕೇಳಿದರು. ವಾರಕ್ಕೆ ಇಷ್ಟು ದಂಡ ಬೀಳುತ್ತೆ ಅಂತ ಅವನಿಗೆ ಗೊತ್ತಿತ್ತಾ? ಕಾಂಕ್ರೀಟ್ ಹಾಕುವಾಗ ನಿಮ್ಮವರು ಯಾರಿದ್ದರು? ಒಡೆದ ಖರ್ಚು ಅವನ ಕೆಟ್ಟ ಕೆಲಸದಿಂದ ನೇರವಾಗಿ ಬಂದಿದ್ದು, ಅದನ್ನು ಕೇಳಬಹುದು. ಆದರೆ ನಾನು ಮಾಲೀಕರಿಗೆ ಕಟ್ಟಿದ ದಂಡ ಅವನ ತಲೆಗೆ ಬರಬೇಕಾದರೆ ಅದು ಅವನಿಗೆ ಮೊದಲೇ ತಿಳಿದಿರಬೇಕು. ಬಾಯಿಮಾತಿನ ಗುತ್ತಿಗೆಯಲ್ಲಿ ಅದನ್ನು ಹೇಗೆ ತೋರಿಸೋದು? ಎರಡನೇ ಪ್ರಶ್ನೆಗಂತೂ ಉತ್ತರವೇ ಇರಲಿಲ್ಲ. 2 ಲಕ್ಷ 5 ಸಾವಿರಕ್ಕೆ ಮುಗಿಸಿಕೊಂಡೆ.

ಆ ಮೇಸ್ತ್ರಿ ಈಗಲೂ ನನ್ನ ಜೊತೆ ಕೆಲಸ ಮಾಡುತ್ತಾನೆ. ಪ್ರತಿ ಕೆಲಸಕ್ಕೂ ಮೂರು ಪುಟದ ಕಾಗದ. ಮಾಲೀಕರ ದಂಡದ ಷರತ್ತಿನ ಪುಟ ಅದಕ್ಕೇ ಪಿನ್ ಮಾಡಿರುತ್ತೇನೆ, ಓದಿ ಹೇಳಿ ಅದರ ಮೇಲೂ ಸಹಿ. ಬೇರೆಯವರಿಗೆ ಕೆಲಸ ದಾಟಿಸುವ ಹಾಗಿಲ್ಲ. ಕಾಂಕ್ರೀಟ್ ದಿನ ನಮ್ಮ ಇಂಜಿನಿಯರ್ ಇಲ್ಲದಿದ್ದರೆ ಮಿಕ್ಸರ್ ಶುರು ಮಾಡುವ ಹಾಗಿಲ್ಲ. ಹೋದ ತಿಂಗಳು ಬೆಳಗ್ಗೆ ಏಳಕ್ಕೇ ಅವನ ಫೋನ್. "ಸಾಹೇಬ್ರ, ಎಲ್ಲಾ ರೆಡಿ ಐತಿ. ನಿಮ್ ಇಂಜಿನಿಯರ್ ಇನ್ನೂ ಬಂದಿಲ್ಲ. ಈ ತಡ ಯಾರ ಲೆಕ್ಕಕ್ಕ ಬರಕೊಳ್ಲಿ?"