ದಿನಕ್ಕೆ 200 ಲೀಟರ್ ಹಾಲಿನ ಮೊಸರು ಘಟಕ: ಹಳ್ಳಿಯಲ್ಲಿ ಅದು ನಿಲ್ಲುತ್ತದೆಯೇ?

ಪರ

ಹಳ್ಳಿಯಲ್ಲಿ ಹಾಲಿನ ಘಟಕ ಎಂದೊಡನೆ ಪನೀರ್ ಮಾತು ಬರುತ್ತದೆ. ನಾನು ಮೊಸರಿನಿಂದ ಆರಂಭಿಸಿ ಎನ್ನುತ್ತೇನೆ. 100 ಲೀಟರ್ ಹಸುವಿನ ಹಾಲಿಗೆ ಪನೀರ್ ಸಿಗುವುದು ಸುಮಾರು 15 ಕಿಲೊ. ಉಳಿದ ನೀರನ್ನು ಚರಂಡಿಗೆ ಬಿಟ್ಟರೆ ಊರೇ ನಾರುತ್ತದೆ. ಮೊಸರಿನಲ್ಲಾದರೆ ಹಾಕಿದ ಹಾಲೆಲ್ಲ ಮಾರುವ ಸರಕಾಗುತ್ತದೆ.

ತಂತ್ರ ದೊಡ್ಡದೇನಲ್ಲ. ಹಾಲನ್ನು 90 ಡಿಗ್ರಿಗೆ ಕಾಯಿಸಿ ಕೆಲವು ನಿಮಿಷ ಹಾಗೆಯೇ ಇಡಬೇಕು. ಮೊಸರು ಗಟ್ಟಿಯಾಗುವುದು ಇದರಿಂದಲೇ. ನಂತರ 42 ಡಿಗ್ರಿಗೆ ಇಳಿಸಿ ಹೆಪ್ಪು ಹಾಕಿದರೆ ನಾಲ್ಕೈದು ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ತಡಮಾಡದೆ ತಣ್ಣಗಾಗಿಸಬೇಕು. ಎರಡು ಪದರದ ಸ್ಟೀಲ್ ಪಾತ್ರೆ, ಗ್ಯಾಸ್ ಒಲೆ, ಒಂದು ಶೀತಲ ಕೋಣೆ ಮತ್ತು ಜನರೇಟರ್ ಇದ್ದರೆ ಕೆಲಸ ನಡೆಯುತ್ತದೆ.

ಲೆಕ್ಕ ಹಾಕೋಣ. ಹಾಲಿಗೆ ಲೀಟರಿಗೆ 40 ರೂಪಾಯಿ, ಅಂದರೆ ದಿನಕ್ಕೆ 8,000. ಮೊಸರನ್ನು ಕಿಲೊಗೆ 55ರಂತೆ ಮಾರಿದರೆ ಬರುವುದು 11,000. ಇಬ್ಬರ ಕೂಲಿ 1,000, ಗ್ಯಾಸು ಮತ್ತು ವಿದ್ಯುತ್ತಿಗೆ 500, ಪೊಟ್ಟಣ ಹಾಗೂ ಸಾಗಣೆಗೆ 800 ಕಳೆದರೆ ಉಳಿಯುವುದು 700. ಆರು ಲಕ್ಷ ರೂಪಾಯಿ ಸಾಲದ ಕಂತಿಗೆ ಐದು ವರ್ಷ ದಿನಕ್ಕೆ 425ರಷ್ಟು ಹೋದರೂ ಕೈಯಲ್ಲಿ 275 ನಿಲ್ಲುತ್ತದೆ. ಹತ್ತಿರದ ಪೇಟೆಯ ನಾಲ್ಕಾರು ಹೋಟೆಲುಗಳು ನಿತ್ಯದ ಗಿರಾಕಿಗಳಾದರೆ ಘಟಕ ನಡೆಯುತ್ತದೆ. ಊರಿನ ಇಬ್ಬರಿಗೆ ಊರಲ್ಲೇ ಕೆಲಸವೂ ಸಿಗುತ್ತದೆ.

ವಿರೋಧ

ಈ ಲೆಕ್ಕ ತಪ್ಪಿಲ್ಲ. ಆದರೆ ಅದು ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕ. ಇಪ್ಪತ್ತು ಕಿಲೊ ಮೊಸರು ಅಂಗಡಿಯಿಂದ ವಾಪಸಾದರೆ 1,100 ರೂಪಾಯಿ ನಷ್ಟ. ನಾಲ್ಕು ದಿನದ ಲಾಭ ಅಲ್ಲಿಗೇ ಮುಗಿಯಿತು. ವಾಪಸಾಗಲು ಕಾರಣಗಳೂ ಕಡಿಮೆಯಿಲ್ಲ. ಹೆಪ್ಪುಗಟ್ಟಿದ ಹೊತ್ತಿಗೆ ವಿದ್ಯುತ್ ಹೋಗಿ ತಣಿಸುವುದು ತಡವಾದರೆ ಮೊಸರು ಹುಳಿಯೇರುತ್ತದೆ, ಮೇಲೆ ನೀರು ಬಿಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಕೆಚ್ಚಲು ಬಾವು. ಚಿಕಿತ್ಸೆಯಲ್ಲಿರುವ ಹಸುವಿನ ಹಾಲಿನಲ್ಲಿ ಆಂಟಿಬಯೋಟಿಕ್ ಉಳಿದಿರುತ್ತದೆ, ಅದು ಹೆಪ್ಪಿನ ಜೀವಾಣುಗಳನ್ನು ಕೊಲ್ಲುತ್ತದೆ. ಒಂದೇ ಮನೆಯ ಹಾಲು ಸೇರಿದರೂ ಇಡೀ ಪಾತ್ರೆ ಹೆಪ್ಪುಗಟ್ಟದೆ ಉಳಿಯಬಹುದು. ಲ್ಯಾಕ್ಟೊಮೀಟರ್ ನೀರು ಬೆರೆತದ್ದನ್ನು ತೋರಿಸಬಲ್ಲದು, ಇದನ್ನಲ್ಲ. ಪ್ರತಿ ಮನೆಯ ಹಾಲನ್ನೂ ಒಂದೊಂದು ಲೋಟದಲ್ಲಿ ಕಾಯಿಸಿ ಹೆಪ್ಪು ಹಾಕಿ ನೋಡಬಹುದು. ಫಲಿತಾಂಶ ಬರುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿರುತ್ತದೆ, ಅಷ್ಟು ಹೊತ್ತು ಹಾಲನ್ನು ತಣ್ಣಗಿಡಬೇಕು. ತಣಿಸುವ ಯಂತ್ರದ ಬೆಲೆ ಮೇಲಿನ ಸಾಲದಲ್ಲಿ ಸೇರಿಲ್ಲ.

ಬೆಲೆಯ ಮಾತೂ ಇದೆ. ನಂದಿನಿ ಮೊಸರಿನ ಚಿಲ್ಲರೆ ಬೆಲೆಯೇ ಸುಮಾರು 55ರ ಆಸುಪಾಸಿನಲ್ಲಿರುವಾಗ ಹೋಟೆಲಿನವರು ಹೊಸಬರಿಗೆ ಸಗಟಿನಲ್ಲಿ ಅಷ್ಟೇ ಏಕೆ ಕೊಡುತ್ತಾರೆ? ಕಿಲೊಗೆ 50ಕ್ಕೆ ಇಳಿದರೆ ದಿನಕ್ಕೆ 1,000 ರೂಪಾಯಿ ಕಡಿಮೆಯಾಗಿ, ಕಂತು ಕಟ್ಟುವ ಮೊದಲೇ ಘಟಕ ನಷ್ಟಕ್ಕೆ ಬೀಳುತ್ತದೆ. ಹಾಲಿನ ದರವನ್ನು ಇಳಿಸುವಂತೆಯೂ ಇಲ್ಲ: ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ, ನಮ್ಮ ಘಟಕಕ್ಕೆ ಹಾಕಿದರೆ ಅದಿಲ್ಲ. ಮಳೆಗಾಲದಲ್ಲಿ ಹಾಲು ಹೆಚ್ಚಿ ಮೊಸರಿನ ಬೇಡಿಕೆ ಕುಗ್ಗಿದಾಗಲೂ ಸಂಘ ಹಾಲನ್ನು ತೆಗೆದುಕೊಳ್ಳುತ್ತದೆ. ನಾವು ಮಾತ್ರ ಉಳಿದ ಹಾಲನ್ನು ಎಲ್ಲಿಗೆ ಒಯ್ಯುವುದು ಎಂಬುದನ್ನು ಸಾಲಕ್ಕೆ ಸಹಿ ಹಾಕುವ ಮೊದಲೇ ಬರೆದಿಟ್ಟುಕೊಳ್ಳಬೇಕು.