ಏಳೂವರೆ ಲಕ್ಷದ ಗೆರೆ ಮತ್ತು ಭಾವನ ಹಳೇ ಸಾಲ

ಅಕ್ಕನ ಮಗಳ ಶಿಕ್ಷಣ ಸಾಲದ ಅರ್ಜಿ ತಿರಸ್ಕಾರ ಆಗಿದೆ ಅಂತ ನನಗೆ ಗೊತ್ತಾದದ್ದು ಒಂದು ಮದುವೆ ಊಟದಲ್ಲಿ, ಅದೂ ಪಕ್ಕದಲ್ಲಿ ಕೂತವರ ಬಾಯಿಂದ. ಬ್ಯಾಂಕಿನ ಸಾಲ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು ನಾನು. ಭಾವ ನನಗೆ ಒಂದು ಮಾತು ಹೇಳಿರಲಿಲ್ಲ. ಮರುದಿನವೇ ಕೊಡಗಿನ ಮಾದಾಪುರದ ಅವರ ಮನೆಗೆ ಹೋದೆ.

"ಇಷ್ಟು ತೋಟ ಇದೆ, 11 ಲಕ್ಷ ಕೊಡೋಕೆ ಆಗಲ್ಲ ಅಂತಾರೆ. ಎಂತ ಬ್ಯಾಂಕು ಮಾರಾಯ ಇದು?" ಅಂದರು ಭಾವ. ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ಜಗಲಿ ಮೇಲೆ ಹರಡಿದರು. ಎಲ್ಲಕ್ಕಿಂತ ಮೇಲೆ ಪಹಣಿ ಇತ್ತು. ನಮ್ಮ ಜಿಲ್ಲೆಯ ಎಲ್ಲ ಅಪ್ಪಂದಿರ ಕವರಿನಲ್ಲೂ ಮೇಲೆ ಇರುವುದು ಅದೇ.

ಆ ಪಹಣಿಯಲ್ಲಿ 11 ಜನರ ಹೆಸರಿದೆ. ಜಮ್ಮಾ ಜಾಗ, ಅಂದರೆ ತಲೆಮಾರಿನಿಂದ ಇಡೀ ಕುಟುಂಬಕ್ಕೆ ಸೇರಿದ್ದು. ಮೊದಲು ಪಟ್ಟೆದಾರರ ಹೆಸರು, ಕೆಳಗೆ ಕುಟುಂಬದ ಉಳಿದವರು, ಅದರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಒಬ್ಬರು ದುಬೈಯಲ್ಲಿ. ಕಾಫಿ ಕುಯ್ಯುವುದು ಭಾವನೇ, ಗೊಬ್ಬರ ಹಾಕುವುದೂ ಅವರೇ. ಆದರೆ ಅಡಮಾನದ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೊಬ್ಬರೇ ಅಲ್ಲ. ಬ್ಯಾಂಕಿನ ವಕೀಲರು ಹಕ್ಕು ಸ್ಪಷ್ಟವಿಲ್ಲ ಅಂತ ಬರೆದರೆ ಅಲ್ಲಿಗೆ ಆ ಕಡತ ಮುಗಿಯಿತು. ತೋಟ ಎಷ್ಟು ಎಕರೆ ಅನ್ನುವುದನ್ನು ಆಮೇಲೆ ಯಾರೂ ಓದುವುದಿಲ್ಲ.

ಇಲ್ಲಿ ನಾನು ಭಾವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಎರಡು ಗೆರೆಗಳಿವೆ. 4 ಲಕ್ಷದವರೆಗೆ ಅಡಮಾನವೂ ಬೇಡ, ಕೈಯಿಂದ ಹಾಕುವ ಪಾಲೂ ಬೇಡ. 4ರಿಂದ 7.5 ಲಕ್ಷದವರೆಗೆ ಒಟ್ಟು ಖರ್ಚಿನ ಶೇ 5ರಷ್ಟು ನಾವು ಹಾಕಬೇಕು, ಅಡಮಾನ ಆಗಲೂ ಬೇಡ. ಎರಡರಲ್ಲೂ ಅಪ್ಪ ಅಥವಾ ಅಮ್ಮ ಸಹ ಅರ್ಜಿದಾರರಾಗಿ ಸಹಿ ಹಾಕಬೇಕು. ಸಾಲ ಮರಳದಿದ್ದರೆ ಅನ್ನುವ ಭಯಕ್ಕೆ ಕೇಂದ್ರದ ಖಾತರಿ ನಿಧಿ ಇದೆ. 7.5 ಲಕ್ಷ ದಾಟಿದರೆ ಮಾತ್ರ ಆಸ್ತಿ ಕೇಳುತ್ತಾರೆ. ಭಾವ 11 ಲಕ್ಷ ಕೇಳಿ ತಾವೇ ಆ ಗೆರೆ ದಾಟಿದ್ದರು, ದಾಟಿದ ಮೇಲೆ ಜಮ್ಮಾ ಪಹಣಿ ಹಿಡಿದು ನಿಂತಿದ್ದರು. (ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿರುವ ಕಾಲೇಜಾಗಿದ್ದರೆ ಅಡಮಾನವೂ ಬೇಡ, ಜಾಮೀನೂ ಬೇಡ. ಹಾಗಾಗಿ ಮೊದಲು ಆ ಪಟ್ಟಿ ನೋಡಿ. ಇವಳ ಕಾಲೇಜು ಅದರಲ್ಲಿ ಇರಲಿಲ್ಲ.)

11 ಲಕ್ಷ ಹೇಗೆ ಬಂತು ಅಂತ ಕೇಳಿದೆ. ನಾಲ್ಕು ವರ್ಷದ ಎಂಜಿನಿಯರಿಂಗ್. ಫೀಸು ವರ್ಷಕ್ಕೆ 1.75 ಲಕ್ಷ, ಅಲ್ಲಿಗೆ 7 ಲಕ್ಷ. ಹಾಸ್ಟೆಲು, ಊಟ ವರ್ಷಕ್ಕೆ 85 ಸಾವಿರ, ಅದು 3.4 ಲಕ್ಷ. ಲ್ಯಾಪ್‌ಟಾಪ್, ಪುಸ್ತಕ ಅಂತ 60 ಸಾವಿರ. ಲೆಕ್ಕ ತಪ್ಪೇನಿಲ್ಲ. ಆದರೆ ಫೀಸು ಒಂದೇ ಏಟಿಗೆ, ಅದೂ ಆಟಿ ಮಳೆಯಲ್ಲಿ ಕೈ ಖಾಲಿ ಇರುವಾಗ ಕಟ್ಟಬೇಕು. ಹಾಸ್ಟೆಲ್ ದುಡ್ಡು ಹಾಗಲ್ಲ, ತಿಂಗಳು ತಿಂಗಳು ಹೋಗುವಂಥದ್ದು. ಕಾಫಿ ಮಾರಿದಾಗ ಸ್ವಲ್ಪ, ಕಾಳುಮೆಣಸು ಮಾರಿದಾಗ ಸ್ವಲ್ಪ ತೆಗೆದಿಟ್ಟರೆ ಮನೆಯಿಂದಲೇ ನಡೆಯುತ್ತದೆ. ಹಾಗಾಗಿ ಸಾಲ ಫೀಸಿಗೆ ಮಾತ್ರ ಅಂದೆ. 7 ಲಕ್ಷದಲ್ಲಿ ನಮ್ಮ ಪಾಲು ಶೇ 5, ಅಂದರೆ 35 ಸಾವಿರ. ಅದನ್ನೂ ಒಟ್ಟಿಗೆ ಇಡಬೇಕಾಗಿಲ್ಲ, ವರ್ಷಕ್ಕೆ 8,750 ಹಾಕಿದರಾಯಿತು, ವಿದ್ಯಾರ್ಥಿವೇತನ ಬಂದರೆ ಅದನ್ನೂ ಈ ಪಾಲಿಗೆ ಹಿಡಿಯುತ್ತಾರೆ. ಬ್ಯಾಂಕಿನ ಸಾಲ 6.65 ಲಕ್ಷ.

ಚಿಕ್ಕ ಸಾಲ ಅಂದರೆ ಅವಮಾನ ಅಂದುಕೊಳ್ಳುವವರಿದ್ದಾರೆ, ಅವರಿಗಾಗಿ ಒಂದು ಲೆಕ್ಕ. ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತಿಲ್ಲ, ಸರಳ ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. 6.65 ಲಕ್ಷ ಅಷ್ಟರಲ್ಲಿ ಸುಮಾರು 9 ಲಕ್ಷ ಆಗಿರುತ್ತದೆ, 10 ವರ್ಷಕ್ಕೆ ತಿಂಗಳ ಕಂತು 12 ಸಾವಿರದ ಹತ್ತಿರ. 11 ಲಕ್ಷದ ಲೆಕ್ಕದಲ್ಲೇ ಹೋಗಿದ್ದರೆ ಕಂತು 18 ಸಾವಿರ ದಾಟುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯ ಸಂಬಳದಲ್ಲಿ ಆ 6 ಸಾವಿರ ಅಂದರೆ ಬೆಂಗಳೂರಿನ ಪಿಜಿಯ ಮುಕ್ಕಾಲು ಬಾಡಿಗೆ.

ಇಷ್ಟಕ್ಕೇ ಮುಗಿಯಲಿಲ್ಲ. ಮೊತ್ತ ಇಳಿಸಿದರೂ ಸಹ ಅರ್ಜಿದಾರ ಭಾವನೇ. ಹಳೇ ಸಾಲಗಳನ್ನು ಹೇಗೆ ತೀರಿಸಿದ್ದಾರೆ ಅಂತ ತೋರಿಸುವ ಸಿಬಿಲ್ ವರದಿಯನ್ನು ಅವರ ಫೋನಿನಲ್ಲೇ ತೆಗೆಸಿದೆ. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಹಿಂದಿನ ಒಂದು ಬೆಳೆಸಾಲದ ಎದುರು Settled ಅಂತ ಇತ್ತು.

"ಅದು ತೀರಿಸಿ ಆಯ್ತಲ್ಲ!" ಅಂದರು. 2018ರ ಆಗಸ್ಟ್ ಮಳೆಯಲ್ಲಿ ಬರೆ ಜಾರಿ ತೋಟದ ಒಂದು ಬದಿ ಕೊಚ್ಚಿಹೋದ ಮೇಲೆ 3.2 ಲಕ್ಷದ ಸಾಲ ಕಟ್ಟಲಾಗದೆ ನಿಂತಿತ್ತು. ಎರಡು ವರ್ಷ ಬಿಟ್ಟು ಬ್ಯಾಂಕಿನವರೇ ಕರೆದು 2.1 ಲಕ್ಷಕ್ಕೆ ಒಂದೇ ಬಾರಿಯ ತೀರುವಳಿ ಮಾಡಿಸಿದರು. ರಸೀದಿ ಕವರಿನಲ್ಲಿ ಜೋಪಾನವಾಗಿತ್ತು. ಭಾವನ ಮಟ್ಟಿಗೆ ಅದು ಋಣಮುಕ್ತಿಯ ಪತ್ರ. ಬ್ಯಾಂಕಿನ ಭಾಷೆಯಲ್ಲಿ Closed ಅಂದರೆ ಪೂರ್ತಿ ತೀರಿದ್ದು, Settled ಅಂದರೆ 1.1 ಲಕ್ಷ ಬಿಟ್ಟುಕೊಟ್ಟದ್ದು. ತೀರುವಳಿಗೆ ಕರೆದ ದಿನ ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ನನಗೆ ಸಿಟ್ಟು ಇರುವುದು ಅಲ್ಲಿ. ನಾನೂ ಆ ಮೇಜಿನ ಹಿಂದೆ ಕೂತು ಎಷ್ಟು ಜನರಿಗೆ ಹೇಳದೆ ಬಿಟ್ಟಿದ್ದೇನೋ.

ಇದೇ ರೀತಿ ಇನ್ನೊಂದಿದೆ: ನೆಂಟರ ಪಿಕಪ್ ಸಾಲಕ್ಕೆ ಹಾಕಿದ ಜಾಮೀನು. ಅವರು ಕಂತು ತಪ್ಪಿಸಿದರೆ ನಿಮ್ಮ ವರದಿಯಲ್ಲಿ ಕಾಣುತ್ತದೆ.

"ಅಕ್ಕ ಸಹಿ ಹಾಕಲಿ," ಅಂದೆ. ಸಹಕಾರ ಸಂಘದಲ್ಲಿ ಗುಮಾಸ್ತೆ, ಸಂಬಳ 24 ಸಾವಿರ, ಚಿನ್ನದ ಸಾಲ ಎರಡು ಸಲ ತೆಗೆದು ಹೊತ್ತಿಗೆ ಸರಿಯಾಗಿ ಬಿಡಿಸಿದವಳು. ಅವಳ ಸಿಬಿಲ್ ಅಂಕ 760ರ ಮೇಲಿತ್ತು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾನಿರುವಾಗ ಅವಳು ಯಾಕೆ?" ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಅಕ್ಕನಿಗೆ ಮಾತ್ರ ಬಿಡಿಸಿ ಹೇಳಿದೆ: ಇದು ಸಾಕ್ಷಿ ಸಹಿ ಅಲ್ಲ, ಮಗಳು ಕಟ್ಟದಿದ್ದರೆ ಕಟ್ಟಬೇಕಾದವಳು ನೀನು, ನಿನ್ನ ಅಂಕವೂ ಬೀಳುತ್ತದೆ. "ಗೊತ್ತು, ಕೊಡು ಪೆನ್ನು," ಅಂದಳು.

ಕೆಲವು ಶಾಖೆಗಳು ಅಮ್ಮ ಸಹಿ ಹಾಕಿದರೂ ಅಪ್ಪನ ವರದಿ ನೋಡುತ್ತವೆ. ಅದಕ್ಕೇ ಮುಚ್ಚಿಡದೆ, ಭೂಕುಸಿತದ ನಷ್ಟದ ದಾಖಲೆ ಮತ್ತು ತೀರುವಳಿ ರಸೀದಿ ಇಟ್ಟು ಒಂದು ಪುಟದ ವಿವರಣೆ ಬರೆದುಕೊಟ್ಟೆವು. ಕಾಫಿಯ ಆದಾಯಕ್ಕೆ ತಹಶೀಲ್ದಾರರ ಪ್ರಮಾಣಪತ್ರದ ಜೊತೆ ಎರಡು ವರ್ಷ ಕಾಫಿ ಮಾರಿದ ಬಿಲ್ಲು, ಆ ದುಡ್ಡು ಖಾತೆಗೆ ಬಂದ ಪಾಸ್‌ಬುಕ್ ಪುಟ ಸೇರಿಸಿದೆವು. ಮೊದಲ ಸಲ ಕೌಂಟರಿನಲ್ಲಿ ಬಾಯಿಮಾತಿನಲ್ಲೇ "ಆಗಲ್ಲ" ಅಂದಿದ್ದರಂತೆ. ಹಾಗಂದರೆ ಎದ್ದು ಬರಬೇಡಿ, ಕಾರಣ ಬರೆದುಕೊಡಿ ಅನ್ನಿ. ನಿಮ್ಮ ಮನೆ ನಮ್ಮ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ ಅನ್ನುವುದು ಕಾರಣವೇ ಅಲ್ಲ, ರಿಸರ್ವ್ ಬ್ಯಾಂಕ್ 2012ರಲ್ಲೇ ಹಾಗೆ ತಿರಸ್ಕರಿಸಬಾರದು ಅಂದಿದೆ.

ನಿಜಕ್ಕೂ 7.5 ಲಕ್ಷ ದಾಟಲೇಬೇಕಾದವರು ಜಮ್ಮಾ ಪಹಣಿ ಬಿಟ್ಟು ಬೇರೆ ನೋಡಿ: ಅಜ್ಜಿಯ ಠೇವಣಿ, ಎಲ್‌ಐಸಿ ಪಾಲಿಸಿ, ಒಪ್ಪುವುದಾದರೆ ಪೇಟೆಯಲ್ಲಿ ಸ್ವಂತ ಹೆಸರಿನ ಸೈಟಿರುವ ಮಾವ. ಸಿಇಟಿಯಲ್ಲಿ ಸೀಟು ಸಿಕ್ಕಿದ ಹಿಂದುಳಿದ ವರ್ಗದ, ಅಲ್ಪಸಂಖ್ಯಾತರ ಮಕ್ಕಳಿಗೆ ನಿಗಮಗಳ ಅರಿವು ಸಾಲವೂ ಇದೆ, ಆದಾಯದ ಮಿತಿ ವಿಚಾರಿಸಿ.

ಅಕ್ಕನ ಮಗಳ ಸಾಲ ಮಂಜೂರಾಗಿ ಮೊದಲ ಕಂತು ನೇರ ಕಾಲೇಜಿನ ಖಾತೆಗೆ ಹೋಯಿತು. ಭಾವ ಈ ಸಲ ಮೆಣಸು ಮಾರಿದ ದುಡ್ಡಲ್ಲಿ ಆ ಬಿಟ್ಟುಕೊಟ್ಟ 1.1 ಲಕ್ಷವನ್ನೂ ಕಟ್ಟಿ ಬಂದರು, ಚಿಕ್ಕವನು ಎಸ್ಸೆಸ್ಸೆಲ್ಸಿ ಅಲ್ವಾ, ಮುಂದೆ ಅವನದ್ದೂ ಬರುತ್ತದೆ. ರಸೀದಿ ಕೈಯಲ್ಲಿದೆ, ವರದಿಯಲ್ಲಿ ಇನ್ನೂ Settled. ಅದನ್ನು ತಿದ್ದಿ ಅಂತ ದೂರು ಹಾಕಿ 12 ದಿನ ಆಯಿತು. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ ನಿಯಮ ಇದೆ ಅಂದಾಗಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕುತ್ತಿದ್ದಾರೆ.